ಅಜ್ಜಿಯ ತೊಡೆಯ ಮೇಲಿನ ಕೂಸು

ಪಟದ ನಡುವೆ ಅಜ್ಜ ಅಜ್ಜಿ ಕುರ್ಚಿಯ ಮೇಲೆ ಕುಳಿತಿದ್ದಾರೆ. ಅಜ್ಜಿಯ ತೊಡೆಯ ಮೇಲೊಂದು ಕೂಸಿದೆ. ಅದು ನನ್ನ ತಮ್ಮ ಎನ್ನುತ್ತಾರೆ ಮಗನ ಮಗ. ಅಲ್ಲ, ಅದು ನಾನೇ ಎನ್ನುತ್ತಾರೆ ಮಗಳ ಮಗಳು. ಇಬ್ಬರಿಗೂ ಅರವತ್ತು ದಾಟಿದೆ. ಮದುವೆ, ಶ್ರಾದ್ಧ, ಉಪನಯನ ಎಂದು ಸೇರಿದಾಗಲೆಲ್ಲ ಈ ಮಾತು ಬಂದೇ ಬರುತ್ತದೆ, ಬಗೆಹರಿಯದೆ ಹಾಗೇ ಉಳಿಯುತ್ತದೆ.

ಇದು ಕಥೆ. ಇವರಿಬ್ಬರು ಇಂಥವರೇ ಎಂದು ಬೆರಳು ತೋರಿಸಲು ಬರುವುದಿಲ್ಲ. ಆದರೆ ಇವರ ಮನೆ ಇದ್ದ ಸೀಮೆ ನಿಜ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿನ್ನೀರು ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿಕೊಂಡಿತು. ಸಾಗರ, ಹೊಸನಗರ ಕಡೆಯ ಊರುಗಳು, ಅಡಿಕೆ ತೋಟಗಳು, ಗದ್ದೆಗಳು ನೀರಿನಡಿ ಹೋದವು. ಆ ಕಡೆಯವರು ಇವತ್ತಿಗೂ ಕಾಲವನ್ನು ಮುಳುಗಡೆಗೆ ಮೊದಲು, ಮುಳುಗಡೆ ಆದಮೇಲೆ ಎಂದೇ ಅಳೆಯುತ್ತಾರೆ. ಮನೆಯೇ ಇಲ್ಲದವರಿಗೆ ಮನೆಯ ಮುಂದೆ ತೆಗೆಸಿದ ಒಂದು ಪಟ ಎಷ್ಟು ದೊಡ್ಡ ಆಸ್ತಿ ಎಂಬುದನ್ನು ನೆನಪಿಟ್ಟುಕೊಂಡೇ ಈ ಜಗಳವನ್ನು ಕೇಳಬೇಕು.

ಮಗನ ಮಗನಿಗೆ, ಅಂದರೆ ಭಾವನಿಗೆ, ಪಟ ತೆಗೆಸಿದ ದಿನ ಚೆನ್ನಾಗಿ ನೆನಪಿದೆ. ಅವರಿಗಾಗ ಆರು ವರ್ಷ. ಮನೆ ಬಿಡುವ ಹಿಂದಿನ ದಿನ ಅದು. ಮಾಡಿನ ಹಂಚುಗಳನ್ನು ಇಳಿಸಿ ಅಂಗಳದಲ್ಲಿ ಪೇರಿಸಿದ್ದರು, ಬಾಗಿಲ ದಾರಂದವನ್ನೂ ಕಿತ್ತು ಗಾಡಿಗೆ ಹೇರಿದ್ದರು. ಒಳಗೆ ನಿಂತರೆ ಮೇಲೆ ಬರೀ ಆಕಾಶ. ಕಡೆಗೊಮ್ಮೆ ಎಲ್ಲರೂ ಒಟ್ಟಿಗೆ ಕೂತುಬಿಡೋಣ ಎಂದು ಅಜ್ಜ ಪೇಟೆಯಿಂದ ಫೋಟೊದವನನ್ನು ಕರೆಸಿದರು. ಅಜ್ಜಿ ಅಳುತ್ತಿದ್ದರು, ತಮ್ಮನನ್ನು ಮಾತ್ರ ತೊಡೆಯಿಂದ ಇಳಿಸಲಿಲ್ಲ.

ಅತ್ತೆಯ ಮಗಳು ಹೇಳುವ ದಿನವೇ ಬೇರೆ. ಅದು ಚಿಕ್ಕಿಯ ಮದುವೆ. ಅಂಗಳದ ತುಂಬ ಚಪ್ಪರ, ಮಾವಿನ ತೋರಣ, ಹೋಳಿಗೆಯ ಪರಿಮಳ. ಅಜ್ಜಿ ಹೊಸ ಸೀರೆ ಉಟ್ಟು ನಗುತ್ತಿದ್ದರು. ಆ ಸೀರೆಯ ಸೆರಗನ್ನು ತಾನು ಬಾಯಿಗೆ ಹಾಕಿಕೊಂಡದ್ದು ಕೂಡ ನೆನಪಿದೆಯಂತೆ.

"ನೀ ಎಂತ ಹೇಳ್ತೀಯೇ ಮಾರಾಯ್ತಿ, ಆಗ ನಿನಗೆ ಎಷ್ಟು ವರ್ಷ?" ಎಂದು ಭಾವ ಕೇಳುತ್ತಾರೆ. ಲೆಕ್ಕ ಹಾಕಿದರೆ ಒಂದೂವರೆ. "ನೆನಪಿಗೆ ವಯಸ್ಸು ಎಂತಕ್ಕೆ ಭಾವ" ಎನ್ನುತ್ತಾರೆ ಅವರು.

ಆದರೆ ವಯಸ್ಸು ಬೇಕು. ದೊಡ್ಡವರಾದ ಮೇಲೂ ಉಳಿಯುವ ನೆನಪುಗಳು ಹೆಚ್ಚಿನವರಲ್ಲಿ ಮೂರನೆಯ ವರ್ಷದ ಆಚೀಚೆ ಶುರುವಾಗುತ್ತವೆ. ಅದಕ್ಕೆ ಹಿಂದಿನದು ಎಂದು ನಾವು ನಂಬುವ ಬಹುಪಾಲು ಯಾರೋ ಹೇಳಿ ಕೇಳಿದ್ದು, ಇಲ್ಲವೇ ಪಟ ನೋಡಿ ಕಟ್ಟಿಕೊಂಡದ್ದು. ಅತ್ತೆಯ ಮಗಳ ಸೆರಗಿನ ನೆನಪು ಸುಳ್ಳು ಹೇಳುವವರ ನೆನಪಲ್ಲ. ಅವರ ಅಮ್ಮ ಆ ಪಟವನ್ನು ಟ್ರಂಕಿನಿಂದ ತೆಗೆದು ತೋರಿಸುತ್ತ, "ನೋಡು, ಸೆರಗು ಚೀಪ್ತಾ ಕೂತಿದ್ದೆ ನೀನು" ಎಂದು ಹೇಳಿದ್ದು ಮಾತ್ರ ಅವರಿಗೆ ನೆನಪಿಲ್ಲ. ಹೇಳಿದವರು ಮರೆತುಹೋಗಿ, ಹೇಳಿದ್ದು ಉಳಿದುಕೊಂಡಿದೆ.

ಇಂಥ ಜಗಳಗಳನ್ನು ಮನಶ್ಶಾಸ್ತ್ರಜ್ಞರೂ ಕೂತು ಕೇಳಿದ್ದಾರೆ. ಮರ್ಸಿಡಿಸ್ ಶೀನ್, ಸೈಮನ್ ಕೆಂಪ್, ಡೇವಿಡ್ ರೂಬಿನ್ ಎಂಬ ಮೂವರು 2001ರಲ್ಲಿ ಅವಳಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದೇ ಘಟನೆಯನ್ನು ಅವಳಿಗಳಿಬ್ಬರೂ ನನಗೇ ಆದದ್ದು ಎಂದು ವಾದಿಸುವುದನ್ನು ಅವರು ದಾಖಲಿಸಿದರು. ಮರುವರ್ಷ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಇಪ್ಪತ್ತು ಜನರ ಬಾಲ್ಯದ ಫೋಟೊಗಳನ್ನು ಮನೆಯವರಿಂದ ಪಡೆದು, ಬಿಸಿಗಾಳಿಯ ಬಲೂನಿನಲ್ಲಿ ಅವರು ಕುಳಿತಿರುವಂತೆ ಒಂದು ಸುಳ್ಳು ಫೋಟೊ ತಯಾರಿಸಿ ತೋರಿಸಿದರು. ಯಾರೂ ಬಲೂನು ಹತ್ತಿದವರಲ್ಲ. ಮೂರು ಸುತ್ತಿನ ಮಾತುಕತೆ ಮುಗಿಯುವಷ್ಟರಲ್ಲಿ ಅವರಲ್ಲಿ ಅರ್ಧದಷ್ಟು ಜನ ಆ ಪ್ರಯಾಣವನ್ನು ಪೂರ್ತಿಯಾಗಿಯೋ ಸ್ವಲ್ಪಮಟ್ಟಿಗೋ ನೆನಪಿಸಿಕೊಂಡಿದ್ದರು. ಕಣ್ಣೆದುರು ಪಟವಿದ್ದರೆ ಮನಸ್ಸು ಅದರ ಸುತ್ತ ಒಂದು ದಿನವನ್ನೇ ಕಟ್ಟಬಲ್ಲದು.

ಹಾಗಾದರೆ ಭಾವನ ನೆನಪು? ಆರು ವರ್ಷದ ಹುಡುಗನ ನೆನಪು ಗಟ್ಟಿಯಾಗಿರಬೇಕಲ್ಲ? ಇಲ್ಲಿ ಕಥೆ ತಿರುಗುವುದು ಒಂದು ಸಣ್ಣ ಸಂಗತಿಯಿಂದ. ಇಷ್ಟು ವರ್ಷ ಇಬ್ಬರೂ ಒಂದೇ ಪಟದ ಬಗ್ಗೆ ಜಗಳವಾಡಿದರು, ಆದರೆ ಇಬ್ಬರೂ ನೋಡಿ ಬೆಳೆದ ಪ್ರತಿ ಒಂದೇ ಆಗಿರಲಿಲ್ಲ. ಭಾವನ ಮನೆಯ ಜಗುಲಿಯ ಗೋಡೆಗೆ ಕಟ್ಟು ಹಾಕಿಸಿದ ದೊಡ್ಡ ಪಟ. ಅತ್ತೆಯ ಮಗಳ ಅಮ್ಮನ ಟ್ರಂಕಿನಲ್ಲಿ ಅಂಗೈಗಿಂತ ತುಸು ದೊಡ್ಡ ಪ್ರತಿ, ರಟ್ಟಿಗೆ ಅಂಟಿಸಿ ಮೇಲೆ ತೆಳು ಕಾಗದ ಮುಚ್ಚಿದ್ದು. ಒಂದು ದಿನ ಎರಡನ್ನೂ ಒಂದೇ ಮೇಜಿನ ಮೇಲಿಟ್ಟರು. ಅದನ್ನು ಎಂದೋ ಮಾಡಬಹುದಿತ್ತು. ಗೋಡೆಯ ಪಟವನ್ನು ಕೆಳಗಿಳಿಸಬಹುದು ಎಂಬುದೇ ಯಾರಿಗೂ ಹೊಳೆದಿರಲಿಲ್ಲ.

ಚಿಕ್ಕ ಪ್ರತಿಯೇ ಮೂಲಕ್ಕೆ ಹತ್ತಿರದ್ದು. ಆ ಕಾಲದ ಫೋಟೊದವರು ಮರದ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಹೊಂದಿಸುತ್ತಿದ್ದರು. ಗಾಜಿನ ಪ್ಲೇಟು ಹಾಫ್ ಪ್ಲೇಟ್ ಅಳತೆಯದಾದರೆ ಸುಮಾರು ನಾಲ್ಕೂಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ. ನೆಗೆಟಿವ್ ಅನ್ನು ಕಾಗದದ ಮೇಲೆಯೇ ಒತ್ತಿ ಬೆಳಕು ಕೊಟ್ಟರೆ ಅದೇ ಅಳತೆಯ ಪ್ರತಿ ಬರುತ್ತದೆ. ಹಾಗೆ ತೆಗೆದ ಪ್ರತಿಯಲ್ಲಿ ಅಂಚಿನಿಂದ ಅಂಚಿನವರೆಗೆ ಎಲ್ಲವೂ ಇರುತ್ತದೆ. ಈ ಪ್ರತಿಯಲ್ಲೂ ಇತ್ತು. ಮೇಲೆ ಅಡಿಕೆ ಸೋಗೆಯ ಚಪ್ಪರ, ಹಿಂದೆ ಹಂಚಿನ ಮಾಡು ಇಡಿಯಾಗಿ, ಬಾಗಿಲ ದಾರಂದ ತನ್ನ ಜಾಗದಲ್ಲೇ. ಬಲಗಡೆ ಬಾಸಿಂಗ ಕಟ್ಟಿದ ಮದುಮಗಳು. ದಾರಂದದ ಪಕ್ಕದ ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳು. ಪರಿಹಾರಕ್ಕೆಂದು ಮನೆಗಳನ್ನು ಎಣಿಸುತ್ತ ಬಂದವರು ಹಾಕಿದ ನಂಬರು. ಅದು ಅತ್ತೆಯ ಮಗಳ ಕಣ್ಣಿಗೆ ಅಷ್ಟು ವರ್ಷ ಬಿದ್ದೇ ಇರಲಿಲ್ಲ. ಮನೆ ಹೋಗುವುದು ಗೊತ್ತಾದ ಮೇಲೆ, ಹುಟ್ಟಿದ ಮನೆಯ ಅಂಗಳದಲ್ಲೇ ಕಡೆಯ ಮಗಳ ಮದುವೆ ಆಗಲಿ ಎಂದು ಅವಸರದಲ್ಲಿ ಮಾಡಿದ ಮದುವೆ ಅದು.

ಕೂಸಿನ ಮುಖ ಮಾತ್ರ ಕದಡಿಹೋಗಿದೆ. ಚಪ್ಪರದ ನೆರಳಿನಲ್ಲಿ ಬೆಳಕು ಕಡಿಮೆ. ಅರ್ಧ ಸೆಕೆಂಡಾದರೂ ಕ್ಯಾಮೆರಾ ಕಣ್ಣು ತೆರೆದಿರಬೇಕು. "ಅಲ್ಲಾಡಬೇಡಿ" ಎಂದರೆ ದೊಡ್ಡವರು ಉಸಿರು ಕಟ್ಟಿ ಕೂರುತ್ತಾರೆ, ಕೂಸು ಕೂರುವುದಿಲ್ಲ. ಹಾಗಾಗಿ ಅಜ್ಜಿಯ ಕೈಬಳೆ ಎಣಿಸುವಷ್ಟು ಸ್ಪಷ್ಟ, ಅವರ ತೋಳಿನೊಳಗೆ ಒಂದು ಬಿಳಿಯ ಮಸುಕು.

ಇನ್ನು ಗೋಡೆಯ ಪಟ. ಅದನ್ನು ಮಾಡಿಸಿದ್ದು ಅಜ್ಜ ತೀರಿಕೊಂಡ ಮೇಲೆ. ಅಜ್ಜನದೆಂದು ಬೇರೆ ಫೋಟೊ ಇರಲಿಲ್ಲ. ಗುಂಪಿನ ಫೋಟೊದಿಂದ ಗಂಡ ಹೆಂಡತಿಯನ್ನಷ್ಟೇ ಆರಿಸಿ ದೊಡ್ಡದು ಮಾಡಿಸಿದರು. ಮಲೆನಾಡಿನಲ್ಲಿ ಹಾರ ಹಾಕಿಸಿಕೊಂಡಿರುವ ಎಷ್ಟೋ ಹಳೆಯ ಪಟಗಳ ಹುಟ್ಟು ಹೀಗೆಯೇ. ದೊಡ್ಡದು ಮಾಡುವಾಗ ಸ್ಟುಡಿಯೊದವರು ಹಿಂದಿನ ಜನರನ್ನು, ಗೋಡೆಯನ್ನು ಕುಂಚದಿಂದ ಮುಚ್ಚಿ ಬೂದು ಬಣ್ಣ ತುಂಬುತ್ತಿದ್ದರು. ಮಸುಕಾದ ಮುಖಕ್ಕೆ ಪೆನ್ಸಿಲ್ಲಿನಲ್ಲಿ ಕಣ್ಣು, ಹುಬ್ಬು, ತುಟಿ ತಿದ್ದುತ್ತಿದ್ದರು. ಅದಕ್ಕೆ ರಿಟಚ್ ಎಂದು ಹೆಸರು. ಅದನ್ನು ಕಂಡುಹಿಡಿಯಲು ಒಂದು ಭೂತಗನ್ನಡಿ ಸಾಕು. ಕಿವಿ, ಭುಜಗಳ ಅಂಚು ಕತ್ತರಿಸಿ ಇಟ್ಟಷ್ಟು ಚೂಪಾಗಿರುತ್ತದೆ. ಹಿನ್ನೆಲೆಯಲ್ಲಿ ನೆರಳೇ ಬೀಳುವುದಿಲ್ಲ. ಪಟವನ್ನು ಓರೆಯಾಗಿ ಹಿಡಿದರೆ ಕುಂಚ ಹರಿದ ಕಡೆ ಹೊಳಪು ಬೇರೆಯಾಗಿ ಕಾಣುತ್ತದೆ.

ಅಜ್ಜಿಯ ಎರಡೂ ಕೈ ಕೂಸನ್ನು ಹಿಡಿದಿದ್ದರಿಂದ ಅದನ್ನು ತೆಗೆದುಹಾಕಲು ಆಗಿಲ್ಲ. ಕದಡಿದ ಮುಖದ ಮೇಲೆ ಸ್ಟುಡಿಯೊದವರು ಒಂದು ಮುಖ ಬರೆದಿದ್ದಾರೆ. ದುಂಡು ಕೆನ್ನೆ, ಬಿಟ್ಟ ಕಣ್ಣು. ಭಾವ ಇಷ್ಟು ವರ್ಷ ತಮ್ಮನೆಂದು ಗುರುತಿಸುತ್ತ ಬಂದದ್ದು ಆ ಕೈಬರಹವನ್ನು.

ಭೂತಗನ್ನಡಿ ಕೆಳಗಿಟ್ಟ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ತಮ್ಮ ಶಾಲೆಗೆ ಸೇರುವ ಮೊದಲೇ ಜ್ವರದಲ್ಲಿ ಹೋದವನು. ಅವನ ಬೇರೆ ಫೋಟೊ ಇಲ್ಲ. ಅತ್ತೆಯ ಮಗಳಿಗೂ ಅಜ್ಜಿಯ ಜೊತೆಗಿರುವ ಇನ್ನೊಂದು ಪಟವಿಲ್ಲ. ಹೊಸ ಜಾಗಕ್ಕೆ ಹೋದ ವರ್ಷದೊಳಗೆ ಅಜ್ಜಿ ತೀರಿಕೊಂಡರು. ಇಷ್ಟು ತಿಳಿದ ಮೇಲೆ ಇದನ್ನು ಯಾರ ನೆನಪು ಚುರುಕು ಎಂಬ ಜಗಳವೆಂದು ನನಗೆ ಎಣಿಸಲು ಆಗುವುದಿಲ್ಲ. ಇಬ್ಬರೂ ಕೇಳುತ್ತಿರುವುದು ಅಜ್ಜಿಯ ತೊಡೆಯ ಮೇಲಿನ ಅಷ್ಟೇ ಅಷ್ಟು ಜಾಗ.

ಹಂಚು ಇಳಿಸಿದ್ದು, ಆಕಾಶ ಕಂಡದ್ದು ಭಾವನ ಕಲ್ಪನೆಯಲ್ಲ. ಅದು ನಡೆದದ್ದೇ, ಆದರೆ ಮದುವೆಯಾಗಿ ತಿಂಗಳುಗಳ ಮೇಲೆ. ಮುಳುಗಡೆಯವರು ಹಂಚು, ತೊಲೆ, ಬಾಗಿಲುಗಳನ್ನು ಬಿಚ್ಚಿ ಹೊಸ ಜಾಗಕ್ಕೆ ಒಯ್ದರು. ಹುಡುಗನ ಮನಸ್ಸಿನಲ್ಲಿ ಉಳಿದದ್ದು ಆ ದಿನ. ಮುಂದೆ ಜಗುಲಿಯ ಪಟದಲ್ಲಿ ಅಜ್ಜ ಅಜ್ಜಿಯ ಹಿಂದೆ ಗೋಡೆಯೂ ಇಲ್ಲ, ಮಾಡೂ ಇಲ್ಲ, ಬರೀ ಬೂದು ಬಣ್ಣ. ದಿನವೂ ಅದನ್ನು ನೋಡುತ್ತ ಬೆಳೆದವನಿಗೆ ಆ ಬೂದು ಬಣ್ಣವೇ ಮಾಡಿಲ್ಲದ ಮನೆಯ ಆಕಾಶವಾಯಿತು. ಎರಡು ದಿನಗಳು ಒಂದಾದದ್ದು ಹಾಗೆ. ಪೂರ್ತಿ ಪ್ರತಿ ಅವರ ಮನೆಯಲ್ಲಿದ್ದಿದ್ದರೆ ಚಪ್ಪರ ಕಣ್ಣಿಗೆ ಬೀಳುತ್ತಿತ್ತು, ಈ ಬೆಸುಗೆ ನಿಲ್ಲುತ್ತಿರಲಿಲ್ಲ.

ಕೂಸು ಯಾವುದು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಭೂತಗನ್ನಡಿ ಸಾಲದು. ಕೂಸಿಗೆ ಹಾಕಿದ್ದು ಲಂಗದಂಥ ಅಂಗಿ, ನೆತ್ತಿಯಲ್ಲೊಂದು ಜುಟ್ಟು. ಆಗ ಗಂಡುಕೂಸಿಗೂ ಹಾಗೇ ಸಿಂಗರಿಸುತ್ತಿದ್ದರು. ಇಬ್ಬರ ವಯಸ್ಸಿಗೂ ಅಂತರ ಕೆಲವೇ ತಿಂಗಳು. ಕಡೆಗೆ ಮದುಮಗಳನ್ನೇ ಕೇಳಲು ಹೋದರು. ಒಬ್ಬರಿಗೆ ಅತ್ತೆ, ಇನ್ನೊಬ್ಬರಿಗೆ ಚಿಕ್ಕಿ. ವಯಸ್ಸು ಎಂಬತ್ತು ದಾಟಿದ್ದರೂ ಮಾತು ಖಡಕ್ಕು.

"ಫೋಟೊದವನು ಕೂಸನ್ನ ಇಳಿಸಿ ಅಂದ, ಅಲ್ಲಾಡ್ತದೆ, ಪ್ಲೇಟು ಹಾಳಾಗ್ತದೆ ಅಂತ. ಅಮ್ಮ ಇಳಿಸಲಿಲ್ಲ. ಅದು ಯಾರದ್ದು ಅಂತ ನಾ ಎಂತ ನೋಡ್ಲಿ? ಮನೆ ತುಂಬ ಕೂಸುಗಳೇ. ಬಾಸಿಂಗ ಜಾರಿದ್ರೆ ಅನ್ನೋದೇ ನನ್ನ ಹೆದರಿಕೆ."

ಚಿಕ್ಕ ಪ್ರತಿಯನ್ನು ಸ್ಕ್ಯಾನ್ ಮಾಡಿಸಿ ಒಂದೇ ಅಳತೆಯ ಎರಡು ಪ್ರತಿ ತೆಗೆಸಿದರು. ಹಿಂಬದಿಗೆ ಏನು ಬರೆಯುವುದೆಂದು ಫೋನಿನಲ್ಲಿ ಎರಡು ಸಲ ಜಗಳವಾಡಿ, ಕಡೆಗೆ ಅತ್ತೆಯ ಮಗಳು ಮೆತ್ತಗಿನ ಪೆನ್ಸಿಲ್ಲಿನಲ್ಲಿ ಎರಡರ ಹಿಂದೆಯೂ ಬರೆದರು: ಚಿಕ್ಕಿಯ ಮದುವೆ, ಹಳೆಮನೆ ಅಂಗಳ, ಮುಳುಗಡೆಗೆ ಮೊದಲು. ಅಜ್ಜಿಯ ತೊಡೆಯ ಮೇಲಿನ ಕೂಸು ಭಾವ ಹೇಳುವಂತೆ ಅವನ ತಮ್ಮ, ಅಮ್ಮ ನನಗೆ ಹೇಳಿದಂತೆ ನಾನು. ಚಿಕ್ಕಿಗೆ ನೆನಪಿಲ್ಲ.