ಪಾಯದ ಗುಂಡಿಗೆ 20 ಅಂಕ

ಬೆಂಗಳೂರಿನಲ್ಲಿ ಬೇಸ್‌ಮೆಂಟ್ ಇರುವ ಮನೆಯೊಂದನ್ನು ಕಟ್ಟುವ ಗುತ್ತಿಗೆ ಸಿಕ್ಕಿದೆ ಎಂದುಕೊಳ್ಳೋಣ. ಮೂರು ಮೀಟರ್ ಆಳಕ್ಕೆ ಮಣ್ಣು ತೆಗೆಯಬೇಕು. ಪಕ್ಕದಲ್ಲೇ ಹಳೆಯ ಕಾಂಪೌಂಡ್ ಗೋಡೆ, ರಸ್ತೆ ಬದಿಗೆ ವಿದ್ಯುತ್ ತಂತಿ. ಕೆಲಸ ಶುರುವಾಗುವುದು ಜೋರು ಮಳೆಯ ಸೆಪ್ಟೆಂಬರ್‌ನಲ್ಲಿ. ಮುಂದೆ ದೀಪಾವಳಿಗೆ ಕಂಬಿ ಕಟ್ಟುವವರು ಊರಿಗೆ ಹೊರಡುತ್ತಾರೆ.

ಇವುಗಳಲ್ಲಿ ಯಾವುದನ್ನು ಮೊದಲು ನೋಡಿಕೊಳ್ಳಬೇಕು? ಇದನ್ನು ತೀರ್ಮಾನಿಸಲು ಗುತ್ತಿಗೆದಾರರು ಬಳಸುವ ಕೋಷ್ಟಕವೇ ರಿಸ್ಕ್ ಮ್ಯಾಟ್ರಿಕ್ಸ್. ಪ್ರತಿ ಅಪಾಯಕ್ಕೂ ಎರಡು ಅಂಕ: ಅದು ಸಂಭವಿಸುವ ಸಾಧ್ಯತೆಗೆ 1ರಿಂದ 5, ಸಂಭವಿಸಿದರೆ ಆಗುವ ಪರಿಣಾಮಕ್ಕೆ 1ರಿಂದ 5. ಎರಡನ್ನೂ ಗುಣಿಸಬೇಕು. ಯಾವ ಅಂಕಕ್ಕೆ ಏನರ್ಥ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಎಂಜಿನಿಯರ್ ಕೊಡುವ 3 ಮೇಸ್ತ್ರಿಗೆ 5 ಆಗಿರಬಹುದು. ಇಲ್ಲಿ ಪರಿಣಾಮ 2 ಎಂದರೆ ವಾರದ ವಿಳಂಬ, 5 ಎಂದರೆ ಜೀವಹಾನಿ ಎಂದಿಟ್ಟುಕೊಳ್ಳೋಣ.

ಮಳೆಯಲ್ಲಿ ಗುಂಡಿಯ ಬದಿ ಕುಸಿಯುವ ಸಾಧ್ಯತೆ 4, ಪರಿಣಾಮ 5, ಒಟ್ಟು 20. ಆಧಾರ ಕೊಡದೆ ಯಾರನ್ನೂ ಕೆಳಗಿಳಿಸುವಂತಿಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗಿಂತ ಹೆಚ್ಚು ತೂಗುತ್ತದೆ. ಅದರಡಿ ಸಿಕ್ಕವರನ್ನು ಕೈಯಿಂದ ಎಳೆದು ತೆಗೆಯಲಾಗದು. ಹಾಗಾಗಿ ಬದಿಗಳಿಗೆ ಹಲಗೆ, ಜಾಕ್ ಕೊಟ್ಟು, ಅಗೆದ ಮಣ್ಣನ್ನು ಅಂಚಿನಿಂದ ದೂರ ಸಾಗಿಸಿ, ನೀರೆತ್ತಲು ಪಂಪ್ ಇಡಬೇಕು. ಇಷ್ಟಾದ ಮೇಲೆ ಸಾಧ್ಯತೆ 2ಕ್ಕೆ ಇಳಿಯುತ್ತದೆ. ಪರಿಣಾಮ ಮಾತ್ರ 5ರಲ್ಲೇ ಉಳಿಯುತ್ತದೆ. ಹೆಲ್ಮೆಟ್ ಕೊಟ್ಟಿದ್ದೇವೆಂದು ಅದನ್ನು 2 ಮಾಡುವುದು ಕಾಗದದ ಮೇಲಿನ ಸುರಕ್ಷತೆ. ವಿಮೆಯೂ ಅಷ್ಟೇ, ಅದು ಹಣದ ನಷ್ಟ ತುಂಬಿಕೊಡುತ್ತದೆ, ಕುಸಿತವನ್ನು ತಡೆಯುವುದಿಲ್ಲ.

ಕೋಷ್ಟಕ ದಾರಿ ತಪ್ಪಿಸುವುದೂ ಉಂಟು. ಹಬ್ಬಕ್ಕೆ ಕೆಲಸಗಾರರು ಊರಿಗೆ ಹೋಗುವುದು ಬಹುತೇಕ ಖಚಿತ, ಆಗುವುದು ವಾರದ ವಿಳಂಬ: 5×2=10. ಮೇಲಕ್ಕೆತ್ತುವ ಕಂಬಿ ವಿದ್ಯುತ್ ತಂತಿಗೆ ತಾಗುವುದು ಅಪರೂಪ, ತಾಗಿದರೆ ಸಾವು: 2×5=10. ಮೊದಲನೆಯದನ್ನು ಒಪ್ಪಿಕೊಂಡು ವೇಳಾಪಟ್ಟಿಯಲ್ಲಿ ಒಂದು ವಾರ ಬಿಟ್ಟರೆ ಸಾಕು. ಎರಡನೆಯದಕ್ಕೆ ಆ ಉಪಾಯ ನಡೆಯದು. 12 ಮೀಟರ್ ಉದ್ದದ ಕಂಬಿಯನ್ನು ನೆಲದಲ್ಲೇ ಕತ್ತರಿಸಬೇಕು, ತಂತಿಯಿರುವ ಬದಿಯಿಂದ ಏನನ್ನೂ ಮೇಲೆತ್ತಬಾರದು, ತಂತಿ ಸ್ಥಳಾಂತರಿಸಲು ವಿದ್ಯುತ್ ಕಂಪನಿಗೆ ಮೊದಲೇ ಅರ್ಜಿ ಹಾಕಬೇಕು. ಆದ್ದರಿಂದ ಪರಿಣಾಮ 5 ಇರುವ ಪ್ರತಿ ಅಪಾಯವನ್ನೂ, ಗುಣಲಬ್ಧ ಎಷ್ಟೇ ಇರಲಿ, ಬೇರೆಯಾಗಿ ತೆಗೆದು ನೋಡುವುದು ಕ್ಷೇಮ.

ಕೊನೆಯಲ್ಲಿ ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು, ಒಂದು ದಿನಾಂಕ ಇರಬೇಕು. ರಾತ್ರಿ ಮಳೆ ಸುರಿದಿದ್ದರೆ ಬೆಳಿಗ್ಗೆ ಆ ವ್ಯಕ್ತಿ ಗುಂಡಿಯ ಅಂಚಿನಲ್ಲಿ ಹೊಸ ಬಿರುಕು ಬಿಟ್ಟಿದೆಯೇ, ಜಾಕ್ ಸಡಿಲವಾಗಿದೆಯೇ, ಕಾಂಪೌಂಡ್ ಗೋಡೆ ವಾಲಿದೆಯೇ ಎಂದು ನೋಡುತ್ತಾರೆ. ಒಂದು ಕಂಡರೂ ಸಾಧ್ಯತೆ ಮತ್ತೆ 4ಕ್ಕೇರುತ್ತದೆ. ಆಧಾರ ಸರಿಪಡಿಸುವವರೆಗೆ ಆ ದಿನದ ಕೂಲಿ ವ್ಯರ್ಥವಾದರೂ ಯಾರೂ ಕೆಳಗಿಳಿಯುವುದಿಲ್ಲ.