ದುಡಿ ಪುಟದಲ್ಲಿ, ದುಡಿ ಪರದೆಯಲ್ಲಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ‘ಚೋಮನ ದುಡಿ’ ಎಂದರೆ ಒಂದೆರಡು ಅಂಕದ ವಿಷಯ. ಕಾದಂಬರಿ 1933ರದ್ದು, ಬರೆದವರು ಶಿವರಾಮ ಕಾರಂತರು. ಸಿನಿಮಾ 1975ರದ್ದು, ನಿರ್ದೇಶಿಸಿದವರು ಬಿ.ವಿ. ಕಾರಂತರು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಇಬ್ಬರು ಕಾರಂತರನ್ನು ಅದಲು ಬದಲು ಮಾಡದಿದ್ದರೆ ಅಂಕ ನಮ್ಮದು. ಆದರೆ ಕಾದಂಬರಿ ಸಿನಿಮಾ ಆದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಆ ಪ್ರಶ್ನೆ ನನಗೆ ಎದುರಾದದ್ದು ಬೀದರ್‌ನ ನಮ್ಮ ಬಾಡಿಗೆ ಕೋಣೆಯಲ್ಲಿ.

ನಾನು ಔರಾದ್ ತಾಲ್ಲೂಕಿನವನು. ಕೋಣೆಯಲ್ಲಿರುವ ಗೆಳೆಯ ಭಾಲ್ಕಿ ಕಡೆಯವನು. ಅವನು ಮೊಬೈಲಿನಲ್ಲಿ ಸಿನಿಮಾ ನೋಡಿದ್ದ, ಪುಸ್ತಕ ಓದಿರಲಿಲ್ಲ. ನಾನು ಎರಡನ್ನೂ ಮುಗಿಸಿದ್ದೆ. ಚೋಮ ಅಸ್ಪೃಶ್ಯ ಜಾತಿಯ ಜೀತದಾಳು. ಕಾಡಿನಲ್ಲಿ ಸಿಕ್ಕ ಎರಡು ಎತ್ತುಗಳನ್ನು ಸಾಕಿಕೊಂಡಿದ್ದಾನೆ. ಒಂದು ತುಂಡು ನೆಲವನ್ನು ತಾನೇ ಉಳಬೇಕು ಎಂಬುದು ಅವನ ಒಂದೇ ಆಸೆ. ಅವನ ಜಾತಿಗೆ ಅದು ಸಲ್ಲದು. ಕ್ರೈಸ್ತನಾದರೆ ನೆಲ ಸಿಗುತ್ತದೆ ಎಂದು ಹೊರಟವನು, ಪಂಜುರ್ಲಿ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ನಮ್ಮ ವಾದ ಶುರುವಾದದ್ದು ಇಲ್ಲೇ.

‘ಅಂವಗ ಅಂಜಿಕಿ ಬಂತು, ಅದಕ್ಕ ಹೊಳ್ಳಿ ಬಂದ. ಇಷ್ಟೇ ಅದ’ ಎಂದ ಗೆಳೆಯ.

‘ಅಂಜಿಕಿ ಒಂದೇ ಅಲ್ಲೋ’ ಎಂದೆ. ಆದರೆ ಸಿನಿಮಾ ನೋಡಿದವನಿಗೆ ಹಾಗೆ ಅನಿಸುವುದು ಸಹಜ. ಪರದೆಯ ಮೇಲೆ ಒಬ್ಬ ಮನುಷ್ಯ ಹೋಗುತ್ತಾನೆ, ಹಿಂದಿರುಗುತ್ತಾನೆ. ನಡುವೆ ಏನಾಯಿತು ಎಂಬುದನ್ನು ಅವನ ಮುಖ, ನಡಿಗೆ, ಬಾಗಿದ ಬೆನ್ನು ನೋಡಿ ನಾವೇ ಊಹಿಸಬೇಕು. ವಾಸುದೇವರಾವ್ ಅಂಥ ನಟರಾದ್ದರಿಂದ ಊಹೆ ಗಟ್ಟಿಯಾಗಿಯೇ ಇರುತ್ತದೆ. ಆದರೂ ಅದು ಹೊರಗಿನಿಂದ ಮಾಡಿದ ಊಹೆ. ಕಾದಂಬರಿಕಾರ ಮಾತ್ರ ಚೋಮನ ತಲೆಯೊಳಗೆ ಹೋಗಬಲ್ಲ. ನೆಲದ ಆಸೆ, ದೈವದ ಭಯ, ಹಿರಿಯರ ನೆನಪು, ಕಳೆದುಕೊಂಡ ಮಕ್ಕಳ ನೋವು ಒಂದರ ಮೇಲೊಂದು ಬಿದ್ದು ಹೊಯ್ದಾಡುವುದನ್ನು ಅವನು ಬರೆಯಬಲ್ಲ. ಅಷ್ಟು ಹೊತ್ತು ಕಥೆ ಮುಂದೆ ಹೋಗದಿದ್ದರೂ ಓದುಗನಿಗೆ ಬೇಸರವಾಗದು. ಪರದೆಯ ಮೇಲೆ ಒಬ್ಬ ಮನುಷ್ಯ ಅಷ್ಟು ಹೊತ್ತು ಸುಮ್ಮನೆ ಯೋಚಿಸುತ್ತ ನಿಂತರೆ ನೋಡುವವರಿಗೆ ಏನೂ ದಕ್ಕದು. ಅದನ್ನು ತುಂಬಲು ಹಿನ್ನೆಲೆಯಲ್ಲಿ ಒಂದು ದನಿ ಇಟ್ಟು ‘ಅವನಿಗೆ ಹೀಗನಿಸಿತು’ ಎಂದು ಹೇಳಿಸಿದರೆ, ಅದು ಪುಸ್ತಕವನ್ನು ಗಟ್ಟಿಯಾಗಿ ಓದಿದಂತಾಗುತ್ತದೆ.

ಎರಡನೆಯ ವ್ಯತ್ಯಾಸ ಕಾಲದ್ದು. ಕನ್ನಡದಲ್ಲಿ ‘ಬಾರಿಸಿದ’ ಬೇರೆ, ‘ಬಾರಿಸುತ್ತಿದ್ದ’ ಬೇರೆ. ಸಂಜೆಯಾದರೆ ಕಳ್ಳು ಕುಡಿದು ದುಡಿ ಬಾರಿಸುತ್ತಿದ್ದ ಎಂದು ಬರೆದರೆ ಸಾಕು, ಎಷ್ಟೋ ವರ್ಷಗಳ ಸಂಜೆಗಳು ಒಂದೇ ಸಾಲಿನಲ್ಲಿ ಬಂದುಬಿಡುತ್ತವೆ. ಕ್ಯಾಮೆರಾಕ್ಕೆ ಈ ‘ಉತ್ತಿದ್ದ’ ಗೊತ್ತಿಲ್ಲ. ಅದು ತೋರಿಸುವುದು ಯಾವಾಗಲೂ ಒಂದು ಸಂಜೆಯನ್ನು, ಆ ಸಂಜೆಯ ಬೆಳಕನ್ನು, ಅಂದು ಬಾರಿಸಿದ ಪೆಟ್ಟನ್ನು. ರೂಢಿ ಎಂಬುದನ್ನು ತೋರಿಸಲು ಸಿನಿಮಾಕ್ಕೆ ಇರುವ ಮುಖ್ಯ ದಾರಿ ಮತ್ತೆ ಮತ್ತೆ ತೋರಿಸುವುದು. ಇಲ್ಲಿ ಆ ಕೆಲಸ ದುಡಿಯ ಪಾಲಿಗೆ ಬಂದಿದೆ. ಸಂತೋಷಕ್ಕೂ ದುಡಿ, ಸಂಕಟಕ್ಕೂ ದುಡಿ. ಮೊದಲು ಕೇಳಿದ ಸದ್ದು ನಮ್ಮ ಕಿವಿಯಲ್ಲಿ ಉಳಿದಿರುವುದರಿಂದ, ಮುಂದೆ ಕೇಳಿದ್ದನ್ನು ನಾವು ಅದಕ್ಕೆ ಹೋಲಿಸಿ ಚೋಮನಿಗೆ ಏನಾಗಿದೆ ಎಂದು ತಿಳಿಯುತ್ತೇವೆ. ಯಾರೂ ವಿವರಿಸಬೇಕಿಲ್ಲ. ಬಿ.ವಿ. ಕಾರಂತರು ರಂಗಭೂಮಿಯವರು, ಸಂಗೀತ ಬಲ್ಲವರು. ಈ ಚಿತ್ರದ ಸಂಗೀತವೂ ಅವರದೇ. ಕಾದಂಬರಿಯಲ್ಲಿ ಹೆಸರಾಗಿದ್ದ ದುಡಿ ಸಿನಿಮಾದಲ್ಲಿ ಮಾತನಾಡುವ ಪಾತ್ರವಾಗಿದ್ದು ಹೀಗೆ.

ಇಲ್ಲಿ ಬೀದರ್ ಕಡೆಯ ಓದುಗರಾದ ನಮಗೆ ಮಾತ್ರ ಆಗುವ ಒಂದು ಅನುಭವ ಹೇಳಬೇಕು. ದುಡಿ ಕರಾವಳಿಯ ಚಿಕ್ಕ ಚರ್ಮವಾದ್ಯ. ನಮ್ಮ ಊರಲ್ಲಿ ಅದಿಲ್ಲ, ಇರುವುದು ಹಲಗಿ. ಪುಸ್ತಕ ಓದುವಾಗ ನನ್ನ ಕಿವಿಯಲ್ಲಿ ಕೇಳಿದ್ದು ಹಲಗಿಯೇ. ಚೋಮ ಕನಸು ಕಂಡ ನೆಲವೂ ನನ್ನ ಕಣ್ಣಿಗೆ ತೊಗರಿ ಬೆಳೆಯುವ ಕರಿ ಮಣ್ಣಾಗಿತ್ತು. ಹೊಲವಿಲ್ಲದೆ ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರನ್ನು ನೋಡಿ ಬೆಳೆದವರಿಗೆ ಚೋಮ ನಮ್ಮ ಓಣಿಯವನೇ ಆಗಿಬಿಡುತ್ತಾನೆ. ಪುಟದ ಮೇಲೆ ಅಕ್ಷರ ಮಾತ್ರ ಇರುವುದರಿಂದ ಬಣ್ಣ, ಸದ್ದು, ಮುಖವನ್ನು ಓದುಗನೇ ತನ್ನ ಊರಿನಿಂದ ತಂದು ತುಂಬುತ್ತಾನೆ. ದೂರದವನನ್ನು ಹತ್ತಿರ ತರುವ ಈ ಶಕ್ತಿ ಕಾದಂಬರಿಯದು.

ಸಿನಿಮಾ ಅದಕ್ಕೆ ಅವಕಾಶ ಕೊಡುವುದಿಲ್ಲ. ಕಪ್ಪುಬಿಳುಪಿನಲ್ಲಿ ಗದ್ದೆ, ಕಾಡು, ಗುಡಿಸಲು ಇರುವಂತೆಯೇ ಎದುರಾಗುತ್ತವೆ. ಚೋಮ ಔರಾದಿನಿಂದ ಎದ್ದು ದಕ್ಷಿಣ ಕನ್ನಡಕ್ಕೆ ಹೋಗಿಬಿಡುತ್ತಾನೆ. ಇದು ನಷ್ಟವೆಂದು ಮೊದಲು ಅನಿಸಬಹುದು. ಆದರೆ ಇದರಿಂದ ಒಂದು ಲಾಭವಿದೆ. ನಮಗೆ ಗೊತ್ತಿರುವ ಸಂಕಟವನ್ನೇ ಮತ್ತೆ ಕಾಣುವ ಬದಲು, ನಮಗೆ ಗೊತ್ತಿರದ ಒಬ್ಬ ಮನುಷ್ಯನ ಮೈ, ಅವನ ಮನೆ, ಅವನು ಧಣಿಯ ಮುಂದೆ ನಿಲ್ಲುವ ರೀತಿ ಕಾಣುತ್ತದೆ. ದೂರ ನಿಂತು ಮಾತನಾಡಬೇಕು ಎಂಬ ಕಟ್ಟಳೆಯನ್ನು ಪುಸ್ತಕ ಒಮ್ಮೆ ಹೇಳಿ ಮುಂದೆ ಹೋಗಬಹುದು, ಓದುಗ ಅದನ್ನು ಮರೆಯಲೂಬಹುದು. ಪರದೆಯಲ್ಲಿ ಇಬ್ಬರೂ ಕಾಣುವಷ್ಟು ಹೊತ್ತು ನಡುವಿನ ಅಂತರವೂ ಕಾಣುತ್ತಲೇ ಇರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಸಿನಿಮಾ ಆಗಿರುವ ಯಾವುದೇ ಕಾದಂಬರಿಯ ಒಂದು ಪುಟ ತೆಗೆದುಕೊಳ್ಳಿ. ‘ಅನಿಸಿತು’, ‘ನೆನಪಾಯಿತು’, ‘ಮಾಡುತ್ತಿದ್ದ’ ಎಂದು ಮುಗಿಯುವ ವಾಕ್ಯಗಳಿಗೆ ಗೆರೆ ಹಾಕಿ. ಕ್ಯಾಮೆರಾ ನೇರವಾಗಿ ಹಿಡಿಯಲಾರದ ವಾಕ್ಯಗಳು ಅವೇ. ಆಮೇಲೆ ಸಿನಿಮಾ ನೋಡಿ, ಅವುಗಳ ಜಾಗದಲ್ಲಿ ಏನಿದೆ ಹುಡುಕಿ. ಒಂದು ಸದ್ದು, ಒಂದು ನೋಟ, ಒಂದು ವಸ್ತು ಇದ್ದರೆ ನಿರ್ದೇಶಕ ಕೆಲಸ ಮಾಡಿದ್ದಾರೆ ಎಂದರ್ಥ. ಪಾತ್ರಗಳೇ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದರೆ ಪುಸ್ತಕವನ್ನು ಬರೀ ಸಂಭಾಷಣೆಯಾಗಿ ಇಳಿಸಿದ್ದಾರೆ ಎಂದರ್ಥ. ‘ಪುಸ್ತಕದಲ್ಲಿದ್ದದ್ದು ಬಿಟ್ಟುಹೋಗಿದೆ’ ಎಂಬ ದೂರಿಗಿಂತ ಈ ಲೆಕ್ಕ ಹೆಚ್ಚು ನ್ಯಾಯದ್ದು.

‘ಚೋಮನ ದುಡಿ’ಯ ಕೊನೆಗೆ ಈ ಲೆಕ್ಕ ಹಾಕಿ ನೋಡಿ. ಎಲ್ಲವನ್ನೂ ಕಳೆದುಕೊಂಡ ಚೋಮ ಎತ್ತುಗಳನ್ನು ಕಾಡಿಗಟ್ಟಿ, ಗುಡಿಸಲಿನ ಬಾಗಿಲು ಮುಚ್ಚಿ, ಜೀವ ಹೋಗುವ ತನಕ ದುಡಿ ಬಾರಿಸುತ್ತಾನೆ. ಅವನು ಇಲ್ಲಿಗೆ ಬಂದು ನಿಂತದ್ದು ಯಾಕೆ ಎಂಬುದು ಪುಸ್ತಕ ಓದಿದವರಿಗೆ ಹೆಚ್ಚು ತಿಳಿದಿರುತ್ತದೆ. ಆದರೆ ದುಡಿ ನಿಂತಿತು ಎಂಬುದನ್ನು ಪುಸ್ತಕ ಒಂದು ವಾಕ್ಯದಲ್ಲಿ ಹೇಳಲೇಬೇಕು, ಮೌನವನ್ನೂ ಅದು ಮಾತಿನಲ್ಲೇ ತಿಳಿಸಬೇಕು. ಸಿನಿಮಾ ಏನೂ ಹೇಳಬೇಕಿಲ್ಲ. ಅಷ್ಟು ಹೊತ್ತು ಕೇಳಿಸುತ್ತಿದ್ದದ್ದು ಕೇಳಿಸದಾದರೆ ಸಾಕು.