ಬಿರುಕು ನಿಲ್ಲಿಸಲು ತೂತು ಕೊರೆಯಿರಿ!

ಅಗಲವಾದ ಉಕ್ಕಿನ ತಗಡು, ನಟ್ಟನಡುವೆ ಒಂದು ದುಂಡನೆಯ ತೂತು. ತಗಡನ್ನು ಎರಡೂ ಕಡೆಯಿಂದ ಎಳೆದರೆ ತೂತಿನ ಎರಡು ಪಕ್ಕದ ಅಂಚಿಗೆ ಬೀಳುವ ಎಳೆತ ಎಷ್ಟು ಗೊತ್ತೇ? ಉಳಿದ ತಗಡಿಗೆ ಬೀಳುವುದರ ಮೂರು ಪಟ್ಟು! ತಗಡು ಸಾಕಷ್ಟು ಅಗಲವಿದ್ದರೆ ತೂತು ಸಾಸಿವೆಯಷ್ಟಿರಲಿ, ಊಟದ ತಟ್ಟೆಯಷ್ಟಿರಲಿ, ಮೂರು ಮೂರೇ. ಜರ್ಮನಿಯ ಕಿರ್ಶ್ 1898ರಲ್ಲೇ ಈ ಲೆಕ್ಕ ಬಿಡಿಸಿದ್ದರು. ಇನ್ನೂ ಸೋಜಿಗವೆಂದರೆ, ಎಳೆತದ ದಿಕ್ಕಿಗೆ ಮುಖ ಮಾಡಿದ ಅಂಚುಗಳಲ್ಲಿ ಲೋಹ ಹಿಗ್ಗುವುದಿಲ್ಲ, ಅಡ್ಡಕ್ಕೆ ಅದುಮಿಸಿಕೊಳ್ಳುತ್ತದೆ!

ತೂತಿನೊಳಗೆ ಲೋಹವಿಲ್ಲ, ಬಲ ಅದನ್ನು ದಾಟಲಾರದು. ಹೊಳೆ ನೀರು ಸೇತುವೆಯ ಕಂಬವನ್ನು ಬಳಸಿಕೊಂಡು ಹೋಗುವಂತೆ ಬಲವೂ ತೂತನ್ನು ಸುತ್ತಿ ಹೋಗಬೇಕು, ಅಂಚಿನಲ್ಲಿ ದಟ್ಟೈಸಬೇಕು. ತಿರುವು ಚೂಪಾದಷ್ಟೂ ದಟ್ಟಣೆ ಹೆಚ್ಚು.

ಎಷ್ಟು ಹೆಚ್ಚು? ಕೇಂಬ್ರಿಜ್‌ನ ಇಂಗ್ಲಿಸ್ 1913ರಲ್ಲಿ ದುಂಡು ತೂತನ್ನು ಬಿಟ್ಟು ಅಂಡಾಕಾರದ ತೂತನ್ನು ಕೈಗೆತ್ತಿಕೊಂಡರು. ಅವರ ಸೂತ್ರ ಅಂಗೈಯಲ್ಲಿ ಬರೆದುಕೊಳ್ಳುವಷ್ಟು ಚಿಕ್ಕದು:

1 + 2√(a/ρ)

ಎಳೆತಕ್ಕೆ ಅಡ್ಡಲಾಗಿರುವ ತೂತಿನ ಅರ್ಧ ಉದ್ದ a, ಅದರ ತುದಿಯ ತ್ರಿಜ್ಯ ρ. ದುಂಡು ತೂತಿಗೆ ಎರಡೂ ಒಂದೇ, ಹಾಗಾಗಿ ಉತ್ತರ ಮತ್ತೆ ಮೂರು. ಈಗ 20 ಮಿ.ಮೀ. ಉದ್ದದ ಸೀಳೊಂದನ್ನು ತೆಗೆದುಕೊಳ್ಳಿ. ಅದರ ತುದಿಯ ತ್ರಿಜ್ಯ 0.1 ಮಿ.ಮೀ. ಇರಲಿ. ಹತ್ತನ್ನು 0.1ರಿಂದ ಭಾಗಿಸಿದರೆ ನೂರು, ವರ್ಗಮೂಲ ಹತ್ತು. ಉತ್ತರ 21 ಪಟ್ಟು! ನಿಜವಾದ ಬಿರುಕಿನ ತುದಿ ಇದಕ್ಕಿಂತಲೂ ಚೂಪು.

ಈಗ ಆ ಸೀಳಿನ ಎರಡೂ ತುದಿಗಳಲ್ಲಿ 6 ಮಿ.ಮೀ. ವ್ಯಾಸದ ತೂತು ಕೊರೆಯಿರಿ. ಸೀಳು ಉದ್ದವಾಯಿತು, ಅರ್ಧ ಉದ್ದ 10ರಿಂದ 13ಕ್ಕೆ ಏರಿತು. ಆದರೆ ತುದಿಯ ತ್ರಿಜ್ಯ 3 ಮಿ.ಮೀ. ಆಯಿತಲ್ಲ! 21 ಪಟ್ಟು ಇದ್ದದ್ದು ಸುಮಾರು ಐದಕ್ಕೆ ಇಳಿಯಿತು. ಲೋಹ ಕಡಿಮೆಯಾಯಿತು, ಭಾಗ ಗಟ್ಟಿಯಾಯಿತು! ವಿಮಾನದ ಹೊದಿಕೆ ತಗಡಿನ ಬಿರುಕನ್ನು ತಡೆಯಲು ಮೆಕ್ಯಾನಿಕ್‌ಗಳು ಮಾಡುವುದು ಇದನ್ನೇ.

ಹಾಗಾದರೆ ಗೀರು ಬಿದ್ದ ಪ್ರತಿ ಉಕ್ಕೂ ಯಾಕೆ ಮುರಿಯುವುದಿಲ್ಲ? ಮೆದು ಉಕ್ಕು ತುದಿಯಲ್ಲಿ ಒಂದಿಷ್ಟು ಬಾಗಿ, ಹಿಗ್ಗಿ, ಹೊರೆಯನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ. ಗಾಜಿಗೆ ಆ ಜಾಣ್ಮೆಯಿಲ್ಲ. ಅದಕ್ಕೇ ಗಾಜಿನಂಗಡಿಯವನು ಒಂದು ಗೀರೆಳೆದು ತುಸು ಬಗ್ಗಿಸಿದರೆ ಸಾಕು, ಚಟಕ್ಕನೆ ಎರಡು ಹೋಳು. ಆದರೆ ಹೊರೆ ಲಕ್ಷಾಂತರ ಸಲ ಬಂದು ಹೋಗುವ ಕಡೆ ಉಕ್ಕೂ ಸೋಲುತ್ತದೆ. ಪ್ರತಿ ಸಲವೂ ಅದೇ ತುದಿಗೆ ಪೆಟ್ಟು, ಬಿರುಕು ಕೂದಲೆಳೆಯಷ್ಟೇ ಮುಂದೆ.

ಕೊರೆಯುವುದರಲ್ಲೂ ಒಂದು ಪೇಚಿದೆ. ಬಿರುಕಿನ ನಿಜವಾದ ತುದಿ ಬರಿಗಣ್ಣಿಗೆ ಕಾಣುವ ಜಾಗದಿಂದ ಮುಂದಿರುತ್ತದೆ. ಅದಕ್ಕೇ ಮೊದಲು ಒಳಕ್ಕಿಳಿಯುವ ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಎರಚುತ್ತಾರೆ. ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ತೂತು ಆ ಗೆರೆಯ ಕೊನೆಯನ್ನು ಪೂರ್ತಿ ನುಂಗಬೇಕು, ಒಳಗೋಡೆ ನುಣುಪಾಗಿರಬೇಕು. ಡ್ರಿಲ್ ಬಿಟ್ಟು ಹೋದ ಒಂದು ಒರಟು ಗೀರು ಸಾಕು, ಅಲ್ಲಿಂದಲೇ ಹೊಸ ಬಿರುಕು ಹೊರಡುತ್ತದೆ.